ಬಲಿಯ ಹೊತ್ತು ಬೇರೆ, ಬೆಡಿಯ ಖರ್ಚು ಬೇರೆ

"ನಮ್ಮೂರ ದೇವಸ್ಥಾನ ಮುಜರಾಯಿಗೆ ಸೇರಿದ್ದು. ಈ ಸಲ ಜಾತ್ರೆಯ ಬೆಡಿ, ಅಂದರೆ ಸಿಡಿಮದ್ದಿನ ಖರ್ಚು ಅರ್ಧ ಮಾಡಿ, ರಾತ್ರಿ ದೇವರ ಬಲಿ ಉತ್ಸವ ಹತ್ತು ಗಂಟೆಯೊಳಗೆ ಮುಗಿಸಿ ಎಂದು ಅಧಿಕಾರಿ ಹೇಳಿದ್ದಾರೆ. ಇದು ನಮ್ಮ ಧರ್ಮದ ಹಕ್ಕಿಗೆ ಕೈ ಹಾಕಿದ ಹಾಗೆ ಅಲ್ವಾ?"
– ಕಾಪು ಕಡೆಯ ಓದುಗರು

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇವನ್ನು ಬೇರೆ ಮಾಡಿ ನೋಡುವ ಕ್ರಮವನ್ನು ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ಉಡುಪಿಯ ಶೀರೂರು ಮಠದ್ದೇ ಪ್ರಕರಣ. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. ಪರ್ಯಾಯ ಅಂದರೆ ಎರಡು ವರ್ಷದ ಕೃಷ್ಣಪೂಜೆ, ಅದರ ಜೊತೆಗೆ ದೊಡ್ಡ ಅನ್ನದಾನ. ಅದರ ಖರ್ಚಿಗೆ ಶೀರೂರು ಮಠ ಸಾಲ ಮಾಡಿತ್ತು. ಸಾಲ ಬೆಳೆದಾಗ ಸರ್ಕಾರದ ದತ್ತಿ ಮಂಡಳಿ ಆಡಳಿತದೊಳಗೆ ಬಂತು. ಸ್ವಾಮೀಜಿ ಕೋರ್ಟಿಗೆ ಹೋದರು.

1954ರಲ್ಲಿ ಸುಪ್ರೀಂ ಕೋರ್ಟಿನ ಏಳು ಜನ ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಒಂದು ಧರ್ಮಕ್ಕೆ ಅಗತ್ಯವಾದ ಭಾಗ ಯಾವುದು ಎಂಬುದನ್ನು ಮೊದಲು ಆ ಧರ್ಮದ ನಂಬಿಕೆಯಿಂದಲೇ ತಿಳಿಯಬೇಕು ಎಂದಿತು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯ, ವರ್ಷದ ಇಂಥ ದಿನ ಇಂಥ ವಿಧಿ ಎಂದಿದ್ದರೆ ಅದು ಧರ್ಮದ್ದೇ. ದುಡ್ಡು ಖರ್ಚಾಗುತ್ತದೆ ಎಂಬ ಕಾರಣಕ್ಕೆ ಅದು ಲೌಕಿಕ ಆಗುವುದಿಲ್ಲ. ಆದರೆ ಆ ವಿಧಿಗೆ ಎಷ್ಟು ಖರ್ಚು ಮಾಡಬೇಕು ಎಂಬುದು ಆಸ್ತಿಯ ಆಡಳಿತ. ಅಲ್ಲಿ ಕಾನೂನು ಮಾಡಿ ಸರ್ಕಾರ ಹಿಡಿತ ಇಡಬಹುದು.

ಈಗ ನಿಮ್ಮ ಜಾತ್ರೆಗೆ ಬರೋಣ. ಬೆಡಿ ಎಷ್ಟು ಹೊಡೆಯಬೇಕು ಎಂಬುದು ಖರ್ಚಿನ ಅಳತೆ. ಅಲ್ಲಿ ಇಲಾಖೆಯ ಮಾತಿಗೆ ಬಲವಿದೆ, ಸುಮ್ನೆ ಜಗಳ ಬೇಡ. ಬಲಿಯ ಹೊತ್ತು ಹಾಗಲ್ಲ. ತಂತ್ರಿಗಳು ಮುಹೂರ್ತ ನೋಡಿ ಇಟ್ಟಿದ್ದರೆ, ಹಳೆಯ ಆಮಂತ್ರಣ ಪತ್ರಗಳಲ್ಲಿ ವರ್ಷ ವರ್ಷವೂ ಅದೇ ಹೊತ್ತು ಅಚ್ಚಾಗಿದ್ದರೆ, ಅದನ್ನು ಸರಿಸಲು ಅಧಿಕಾರಿಯ ಅನುಕೂಲ ಸಾಲದು. ಇದರಲ್ಲಿ ನಾನು ನಿಮ್ಮ ಪಕ್ಷವೇ.

ಆದರೆ ಅಧಿಕಾರಿಯ ಮನಸ್ಸಿನಲ್ಲಿ ಇದ್ದದ್ದು ಬಲಿಯೋ, ಸದ್ದೋ? ಅದನ್ನು ಕೇಳಿ ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್‌ಗೆ ತಡೆ ಇದೆ. ವಾದ್ಯಕ್ಕೂ ಆ ನಿಯಮ ತಾಗುತ್ತದೆ. ಹಬ್ಬದ ದಿನಗಳಲ್ಲಿ 12ರ ತನಕ ಸಡಿಲ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಪ್ರಾರ್ಥನೆಗೆ ಮೈಕ್ ಬೇಕೇಬೇಕು ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು 2000ರಲ್ಲಿ, ಚೆನ್ನೈಯ ಒಂದು ಚರ್ಚಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಹೇಳಿದೆ. ಪಕ್ಕದ ಮನೆಯಲ್ಲಿ ಹಸುಗೂಸು ಇದ್ದವರಿಗೂ ಅದೇ ಜಾತ್ರೆ, ಅಲ್ವಾ?

ಒಂದು ತೊಡಕೂ ಇದೆ. ಶೀರೂರು ಮಠಕ್ಕೆ ಮಾಧ್ವ ಪಂಥದ ಭಾಗ ಎಂಬ ಬಲವಿತ್ತು. ಎಲ್ಲ ಜಾತಿಯವರೂ ಸೇರಿ ನಡೆಸುವ ಊರ ದೇವಸ್ಥಾನಕ್ಕೆ, ತನ್ನ ಧರ್ಮದ ವಿಷಯವನ್ನು ತಾನೇ ನಡೆಸುವ ಪಂಥದ ಹಕ್ಕು ಸಿಗುವುದು ಕಷ್ಟ. ನಿಮಗಿರುವುದು ಭಕ್ತನಾಗಿ ಆಚರಿಸುವ ಹಕ್ಕು. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯದ ಮಿತಿ ಅದಕ್ಕೂ ಇದೆ.

ಹಾಗಾಗಿ ಮೊಕ್ತೇಸರರ ಜೊತೆ ಕೂತು ಎರಡು ಪ್ರತ್ಯೇಕ ಅರ್ಜಿ ಬರೆಯಿರಿ. ಬಲಿಯದಕ್ಕೆ ತಂತ್ರಿಗಳ ಸಹಿಯ ಪತ್ರವನ್ನೂ ಹಳೆಯ ಆಮಂತ್ರಣಗಳ ಪ್ರತಿಯನ್ನೂ ಲಗತ್ತಿಸಿ. ಆ ಹೊತ್ತಿನ ವಾದ್ಯಕ್ಕೆ ಸಡಿಲ ಬೇಕೆಂದೂ ಅದರಲ್ಲೇ ಕೇಳಿ. ಬೆಡಿಯ ಅರ್ಜಿ ಬೇರೆಯೇ ಇರಲಿ, ಇದರ ಬೆನ್ನಿಗೆ ಅದನ್ನು ಕಟ್ಟಬೇಡಿ.

– ಸಂ.