ಬ್ರ್ಯಾಂಡ್ ಲಿಫ್ಟ್ 10% ಬಂದಿದೆ ಅಂದರೆ ಏನರ್ಥ?

ಪ್ರಶ್ನೆ: ನಮ್ಮದು ಅಡುಗೆ ಮಸಾಲೆ ಬ್ರ್ಯಾಂಡ್. ಯೂಟ್ಯೂಬ್‌ನಲ್ಲಿ ಆರು ವಾರ ಜಾಹೀರಾತು ಓಡಿಸಿ ನಿಲ್ಲಿಸಿದೆವು. ಬ್ರ್ಯಾಂಡ್ ಲಿಫ್ಟ್ 10% ಬಂದಿದೆ ಅಂತ ಏಜೆನ್ಸಿ ಹೇಳುತ್ತಿದೆ. ಈಗ ಸರ್ಚ್ ಲಿಫ್ಟ್ ಕೂಡ ಮಾಡಿಸಿ ಅಂತಾರೆ. ನಂಬಬಹುದಾ?

ಮೊದಲು ಏಜೆನ್ಸಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಆ 10 ಯಾವುದರ 10? ಇಂಥ ವರದಿಗಳನ್ನು ನಾನೇ ಕೆಲವು ವರ್ಷ ತಯಾರಿಸಿದ್ದೇನೆ. ಸ್ಲೈಡಿನಲ್ಲಿ ಯಾವಾಗಲೂ ದೊಡ್ಡ ಅಂಕಿಯೇ ಬಂದು ಕೂರುತ್ತದೆ.

ಬ್ರ್ಯಾಂಡ್ ಲಿಫ್ಟ್ ಅಂದರೆ ಜಾಹೀರಾತಿನಿಂದಾಗಿ ನಿಮ್ಮ ಬ್ರ್ಯಾಂಡ್ ಬಗ್ಗೆ ಜನರ ಅರಿವು, ನೆನಪು, ಕೊಳ್ಳುವ ಯೋಚನೆ ಎಷ್ಟು ಏರಿತು ಅನ್ನುವ ಅಳತೆ. ಲೆಕ್ಕ ಹೀಗಿರುತ್ತದೆ. ನಿಮ್ಮ ಜಾಹೀರಾತು ಯಾರಿಗೆ ಹೋಗಬೇಕಿತ್ತೋ ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಮ್ಮ ಜಾಹೀರಾತು. ಇನ್ನೊಂದಕ್ಕೆ ಅದೇ ಜಾಗದಲ್ಲಿ ಬೇರೆ ಯಾರದ್ದೋ. ಈ ಎರಡನೆಯವರು ಸುಮ್ನೆ "ನೋಡದವರು" ಅಲ್ಲ, ಬೇಕಂತಲೇ ತಡೆದಿಟ್ಟವರು. ಇದು ಮುಖ್ಯ. ನೋಡಿದವರನ್ನೂ ನೋಡದವರನ್ನೂ ಹೋಲಿಸಿದರೆ ಅಡುಗೆ ವಿಡಿಯೊ ಜಾಸ್ತಿ ನೋಡುವವರೆಲ್ಲ ಒಂದೇ ಕಡೆ ಸೇರಿಬಿಡುತ್ತಾರೆ. ಅವರಿಗೆ ನಿಮ್ಮ ಮಸಾಲೆ ಮೊದಲೇ ಗೊತ್ತಿರಬಹುದು, ಅಲ್ವಾ?

ಆಮೇಲೆ ಎರಡೂ ಗುಂಪಿನ ಕೆಲವರಿಗೆ ಯೂಟ್ಯೂಬ್‌ನಲ್ಲೇ ಒಂದು ಪ್ರಶ್ನೆ ಬರುತ್ತದೆ: "ಇವುಗಳಲ್ಲಿ ಯಾವುದರ ಬಗ್ಗೆ ಕೇಳಿದ್ದೀರಿ?" ನಿಮ್ಮ ಹೆಸರು, ಪೈಪೋಟಿಯವರ ಮೂರ್ನಾಲ್ಕು ಹೆಸರು, "ಯಾವುದೂ ಇಲ್ಲ".

ನಾನೇ ಅಂಕಿ ಹಾಕಿ ತೋರಿಸುತ್ತೇನೆ. ಪ್ರತಿ ಗುಂಪಿನಲ್ಲಿ 2,000 ಜನ ಉತ್ತರ ಕೊಟ್ಟರು ಅಂದುಕೊಳ್ಳಿ. ತಡೆದಿಟ್ಟವರಲ್ಲಿ 580 ಜನ, ಅಂದರೆ 29% ನಿಮ್ಮ ಹೆಸರು ಒತ್ತಿದರು. ನೋಡಿದವರಲ್ಲಿ 640, ಅಂದರೆ 32%. ನಿಜವಾದ ಏರಿಕೆ 3 ಪಾಯಿಂಟ್. ಆ ಮೂರನ್ನು 29ರಿಂದ ಭಾಗಿಸಿದರೆ ಸುಮಾರು 10% ಬರುತ್ತದೆ. ಅದೇ ಸ್ಲೈಡಿಗೆ ಹೋಗುತ್ತದೆ! ಸುಳ್ಳೇನಲ್ಲ. ಆದರೆ ನೂರಕ್ಕೆ ಹತ್ತು ಜನ ಬದಲಾದರು ಅಂತ ನಿಮ್ಮ ಯಜಮಾನರು ಓದಿಕೊಳ್ಳುತ್ತಾರೆ. ಬದಲಾದವರು ನೂರಕ್ಕೆ ಮೂರು.

ಆ ಮೂರೂ ಗಟ್ಟಿಯಲ್ಲ. ಇಷ್ಟು ಜನರ ಉತ್ತರದಲ್ಲಿ ಹೆಚ್ಚುಕಡಿಮೆ 2.9 ಪಾಯಿಂಟ್ ಆಚೀಚೆ ಆಗಬಹುದು. ಅಂದರೆ ಏರಿಕೆ ಸೊನ್ನೆಗಿಂತ ಚೂರು ಮೇಲಿಂದ ಸುಮಾರು 6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಉತ್ತರ ಕೊಟ್ಟವರು ಗುಂಪಿಗೆ 500 ಜನ ಮಾತ್ರ ಆಗಿದ್ದರೆ ಆ ಆಚೀಚೆ 5.7 ಪಾಯಿಂಟ್ ಆಗುತ್ತದೆ. ಆಗ ಇಳಿದಿದೆಯೋ ಏರಿದೆಯೋ ಹೇಳಲಿಕ್ಕೇ ಆಗುವುದಿಲ್ಲ. ವರದಿಯಲ್ಲಿ ಏರಿಕೆಯ ಕನಿಷ್ಠ ಮಿತಿ, ಗರಿಷ್ಠ ಮಿತಿ ಕೊಟ್ಟಿಲ್ಲ ಅಂದರೆ ಕೇಳಿ ತರಿಸಿಕೊಳ್ಳಿ.

ಇನ್ನೊಂದು, ಯಾವ ಪ್ರಶ್ನೆಗೆ ಬಂದ ಏರಿಕೆ ಅಂತ ನೋಡಿ. "ಈ ಜಾಹೀರಾತು ನೋಡಿದ ನೆನಪಿದೆಯಾ?" ಅನ್ನುವುದು ಸುಲಭವಾಗಿ ಏರುತ್ತದೆ. ಪ್ರಶ್ನೆ ಬರುವುದು ಜಾಹೀರಾತು ನೋಡಿದ ಸ್ವಲ್ಪ ಸಮಯದಲ್ಲೇ, ನೆನಪು ಇನ್ನೂ ಹಸಿಯಾಗಿರುತ್ತದೆ. "ಮುಂದಿನ ಸಲ ಮಸಾಲೆ ಕೊಳ್ಳುವಾಗ ಯಾವುದನ್ನು ಪರಿಗಣಿಸುತ್ತೀರಿ?" ಅನ್ನುವುದು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಒಮ್ಮೆ ನಮ್ಮ ಒಬ್ಬ ಗ್ರಾಹಕರಿಗೆ ನೆನಪು ಚೆನ್ನಾಗಿ ಏರಿತ್ತು, ಕೊಳ್ಳುವ ಯೋಚನೆ ಸೊನ್ನೆ. ಜಾಹೀರಾತಿನಲ್ಲಿದ್ದ ನಾಯಿಮರಿ ಎಲ್ಲರಿಗೂ ನೆನಪಿತ್ತು! ಜನರ ಮನಸ್ಸು ಬದಲಾಯಿತಾ ಅನ್ನುವುದಕ್ಕೆ ಎರಡನೇ ಪ್ರಶ್ನೆಯೇ ಹತ್ತಿರ. ಹಾಗೇ ಅದೇ ವಾರ ಟಿವಿಯಲ್ಲೂ ಜಾಹೀರಾತು ಓಡಿದ್ದರೆ, ತಡೆದಿಟ್ಟವರೂ ಅದನ್ನು ನೋಡಿರುತ್ತಾರೆ. ಆಗ ಸಿಗುವುದು ಯೂಟ್ಯೂಬ್ ಹೆಚ್ಚಿಗೆ ಮಾಡಿದ್ದು ಎಷ್ಟು ಅನ್ನುವುದಷ್ಟೇ, ಇಡೀ ಪ್ರಚಾರದ ಫಲ ಅಲ್ಲ.

ಸರ್ಚ್ ಲಿಫ್ಟ್‌ನಲ್ಲಿ ಯಾರನ್ನೂ ಕೇಳುವುದಿಲ್ಲ. ಅದೇ ಎರಡು ಗುಂಪು ಗೂಗಲ್, ಯೂಟ್ಯೂಬ್‌ನಲ್ಲಿ ನೀವು ಕೊಟ್ಟ ಪದಗಳನ್ನು ಎಷ್ಟು ಹುಡುಕಿತು ಅಂತ ಎಣಿಸುತ್ತಾರೆ. ಬಾಯಿಮಾತಲ್ಲ, ಮಾಡಿದ ಕೆಲಸ, ಅದಕ್ಕೆ ನನಗೆ ಇದು ಜಾಸ್ತಿ ಇಷ್ಟ. ಆದರೆ ಪದಪಟ್ಟಿ ಮಾಡುವಾಗ ಕನ್ನಡದ ಹೆಸರು ಇರುವವರು ಎಡವುತ್ತಾರೆ. ಬ್ರ್ಯಾಂಡ್ ಹೆಸರು "ಮಲ್ಲಿಗೆ" ಅಂದುಕೊಳ್ಳಿ. ಜನ `mallige` ಅಂತಲೂ ಹೊಡೆಯುತ್ತಾರೆ, `malige` ಅಂತಲೂ ಹೊಡೆಯುತ್ತಾರೆ. ಒಂದೇ ಕಾಗುಣಿತ ಕೊಟ್ಟರೆ ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಬರೀ "ಮಲ್ಲಿಗೆ" ಕೊಟ್ಟರೆ ಹೂವು ಹುಡುಕುವವರೂ ಸೇರುತ್ತಾರೆ. ಅವರು ಎರಡೂ ಗುಂಪಿನಲ್ಲಿ ಸಮನಾಗಿರುವುದರಿಂದ ಫಲಿತಾಂಶ ಒಂದು ಕಡೆಗೆ ವಾಲುವುದಿಲ್ಲ. ಆದರೆ ನಿಮ್ಮ ಚಿಕ್ಕ ಏರಿಕೆ ಆ ಗದ್ದಲದಲ್ಲಿ ಮುಳುಗುತ್ತದೆ. "ಮಲ್ಲಿಗೆ ಸಾಂಬಾರ್ ಪುಡಿ" ಥರದ್ದನ್ನೂ ಸೇರಿಸಿ.

ಇಷ್ಟಾದರೂ ಈಗ ಮಾಡಿಸಿ ಅಂದ ಏಜೆನ್ಸಿಗೆ ಒಂದು ಪ್ರಶ್ನೆ ಉಳಿದಿದೆ. ನಿಮ್ಮ ಪ್ರಚಾರ ಮುಗಿದುಹೋಗಿದೆ. ಶುರುವಾಗುವ ಮೊದಲೇ ಸರ್ಚ್ ಲಿಫ್ಟ್ ಅಧ್ಯಯನ ಹೂಡಿ ಒಂದು ಗುಂಪನ್ನು ತಡೆದಿಟ್ಟಿದ್ದರಾ? ಇಲ್ಲ ಅಂದರೆ ಯಾರನ್ನು ಯಾರ ಜೊತೆ ಹೋಲಿಸುತ್ತಾರೆ? ಆ ದುಡ್ಡನ್ನು ಮುಂದಿನ ಪ್ರಚಾರಕ್ಕೆ ಎತ್ತಿಡಿ. ಜಾಹೀರಾತು ಓಡುವ ಮುಂಚೆಯೇ ಪ್ರಶ್ನೆಯನ್ನೂ ಪದಪಟ್ಟಿಯನ್ನೂ ಬರೆದು ಈಮೇಲ್‌ನಲ್ಲಿ ಕಳಿಸಲು ಹೇಳಿ.