ಸ್ವಿಚ್ ಆಫ್ ಇದ್ದರೂ ಸಾಕೆಟ್‌ನಲ್ಲಿ ಟೆಸ್ಟರ್ ಉರಿಯುತ್ತಿದ್ದರೆ

ಪ್ರಶ್ನೆ: ಮಂಗಳೂರಲ್ಲಿ ಹಳೆ ಮನೆ. ಅಡುಗೆಮನೆಯ ತ್ರೀ ಪಿನ್ ಸಾಕೆಟ್ ಒಡೆದಿತ್ತು, ಸ್ವಿಚ್ ಸಮೇತ ಹೊಸದು ನಾನೇ ಹಾಕಿದೆ. ಮಿಕ್ಸಿ ಸರಿಯಾಗಿ ಓಡುತ್ತದೆ, ಸ್ವಿಚ್ ಹಾಕಿದರೆ ಆನ್, ತೆಗೆದರೆ ಆಫ್. ಆದರೆ ಸ್ವಿಚ್ ಆಫ್ ಮಾಡಿದರೂ ಬಲಗಡೆ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಹೀಗೇ ಬಿಡಬಹುದಾ?

ಬಿಡಬೇಡಿ. ಸರಿಪಡಿಸುವ ತನಕ ಆ ಸಾಕೆಟ್‌ಗೆ ಏನನ್ನೂ ಚುಚ್ಚಬೇಡಿ. ನಾನು ಮಂಗಳೂರು, ಉಡುಪಿ ಕಡೆ ಮನೆ ವೈರಿಂಗ್ ಮಾಡುವವನು. ಹಳೆ ಮನೆಗಳಲ್ಲಿ ಈ ತಪ್ಪನ್ನು ತುಂಬಾ ನೋಡಿದ್ದೇನೆ.

ಸ್ವಿಚ್ ಆಫ್ ಮಾಡಿದರೆ ಮಿಕ್ಸಿ ನಿಲ್ಲುತ್ತದೆ, ಆದರೂ ತೂತಿನಲ್ಲಿ ಕರೆಂಟ್ ಇದೆ ಅಂದರೆ ಸ್ವಿಚ್ ಕೂತಿರುವುದು ನ್ಯೂಟ್ರಲ್ ದಾರಿಯಲ್ಲಿ. ಫೇಸ್ ವೈರ್ ನೇರವಾಗಿ ಸಾಕೆಟ್‌ಗೆ ಹೋಗಿದೆ. ಎರಡರಲ್ಲಿ ಯಾವುದನ್ನು ಕಡಿದರೂ ಮಿಕ್ಸಿ ನಿಲ್ಲುತ್ತದೆ, ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ. ಆದರೆ ನ್ಯೂಟ್ರಲ್ ಕಡಿದಾಗ ಮಿಕ್ಸಿಯ ಮೋಟರ್ ವೈಂಡಿಂಗ್ ಪೂರ್ತಿ 230 ವೋಲ್ಟ್‌ನಲ್ಲೇ ಇರುತ್ತದೆ. ಟೆಸ್ಟರ್ ಜೋರಾಗಿ ಉರಿಯದೆ ಬರೀ ಮಂಕಾಗಿ ಮಿಣುಕಿದರೆ ಅದು ಪಕ್ಕದ ವೈರಿನ ಪ್ರಭಾವವೂ ಆಗಿರಬಹುದು. ಹೇಗಿದ್ದರೂ ಬಾಕ್ಸ್ ಬಿಚ್ಚಿ ನೋಡಲೇಬೇಕು.

ಕುಲಶೇಖರದ ಕಡೆ ಒಂದು ಹಂಚಿನ ಮನೆಗೆ ಮಳೆಗಾಲದಲ್ಲಿ ಕರೆದಿದ್ದರು. ಗ್ರೈಂಡರ್ ಆಫ್ ಮಾಡಿ ತೊಳೆಯುವಾಗ ಮನೆಯ ಅಕ್ಕನಿಗೆ ಕೈ ಜುಮ್ ಅನ್ನುತ್ತಿತ್ತಂತೆ. "ಸ್ವಿಚ್ ತೆಗೆದೇ ತೊಳೆಯುವುದು, ಆದರೂ ಹೊಡೀತದೆ" ಎಂದರು. ಬಾಕ್ಸ್ ಬಿಚ್ಚಿದರೆ ಕಪ್ಪು ವೈರ್ ಸ್ವಿಚ್‌ಗೆ ಹೋಗಿದೆ, ಕೆಂಪು ನೇರ ಸಾಕೆಟ್‌ಗೆ. ಹಸಿರು ವೈರನ್ನು ಹಿಂದೆ ಮಡಚಿ ಸುಮ್ನೆ ಬಿಟ್ಟಿದ್ದಾರೆ. ಮೋಟರ್ ಒಳಗೆ ತೇವ ಸೇರಿ ಸ್ಟೀಲ್ ಬಾಡಿಗೆ ಕರೆಂಟ್ ಸೋರುತ್ತಿತ್ತು. ಅರ್ಥ್ ಇಲ್ಲದ್ದರಿಂದ ಅದಕ್ಕೆ ಹೋಗಲು ಬೇರೆ ದಾರಿಯೇ ಇರಲಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮನುಷ್ಯನೇ ದಾರಿ. ಸ್ವಿಚ್ ಫೇಸ್‌ನಲ್ಲಿದ್ದಿದ್ದರೆ ಆಫ್ ಮಾಡಿದಾಗ ಹೊಡೆಯುತ್ತಿರಲಿಲ್ಲ. ಅರ್ಥ್ ಸರಿ ಇದ್ದಿದ್ದರೆ ಸೋರಿದ ಕರೆಂಟ್ ಆ ವೈರಿನಲ್ಲೇ ಹೋಗುತ್ತಿತ್ತು.

ಈಗ ನಿಮ್ಮ ಸಾಕೆಟ್. ಮೊದಲು ಮೇನ್ ಆಫ್ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಮೇನ್ ತೆಗೆದ ಮೇಲೂ ಆ ಲೈನಿನಲ್ಲಿ ಕರೆಂಟ್ ಇರುತ್ತದೆ. ಟೆಸ್ಟರ್ ಕೆಲಸ ಮಾಡುತ್ತಿದೆಯಾ ಎಂದು ಮೇನ್ ತೆಗೆಯುವ ಮೊದಲೇ ಕರೆಂಟ್ ಇರುವ ಒಂದು ಕಡೆ ನೋಡಿಕೊಳ್ಳಿ. ಆಮೇಲೆ ಬಾಕ್ಸ್ ಒಳಗಿನ ಪ್ರತಿ ವೈರಿಗೂ ಟೆಸ್ಟರ್ ಮುಟ್ಟಿಸಿ ಕರೆಂಟ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಮುಂದಿನಿಂದ ನೋಡಿದಾಗ ದಪ್ಪ ತೂತು ಮೇಲೆ ಬರಬೇಕು, ಅದು ಅರ್ಥ್. ಕೆಳಗೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಜಾಸ್ತಿ ಜನ ಎಡವುವುದು ಇಲ್ಲೇ. ಸ್ಕ್ರೂ ಬಿಗಿಯಲು ಪ್ಲೇಟನ್ನು ತಿರುಗಿಸಿ ಹಿಡಿದರೆ ಎಡ ಬಲ ಅದಲು ಬದಲಾಗುತ್ತದೆ. ಹಿಂದಿನಿಂದ ನೋಡುವಾಗ ಫೇಸ್ ಎಡಕ್ಕೆ ಇರುತ್ತದೆ. ಹಾಗಾಗಿ ಎಡ ಬಲ ನೆನಪಿಡುವುದಕ್ಕಿಂತ ಸ್ಕ್ರೂ ಪಕ್ಕ ಅಚ್ಚೊತ್ತಿದ ಅಕ್ಷರ ನೋಡಿ. ಎಲ್ ಅಂದರೆ ಫೇಸ್, ಎನ್ ನ್ಯೂಟ್ರಲ್, ಇ ಅರ್ಥ್. ಅಕ್ಷರ ತುಂಬಾ ಸಣ್ಣದಿರುತ್ತದೆ, ಮೊಬೈಲ್ ಟಾರ್ಚ್ ಹಾಕಿ ನೋಡಿ.

ಗೋಡೆಯಿಂದ ಬರುವ ಫೇಸ್ ವೈರ್ ಮೊದಲು ಸ್ವಿಚ್‌ನ ಒಂದು ಸ್ಕ್ರೂಗೆ ಹೋಗಬೇಕು. ಸ್ವಿಚ್‌ನ ಇನ್ನೊಂದು ಸ್ಕ್ರೂನಿಂದ ಅಷ್ಟೇ ದಪ್ಪದ ಸಣ್ಣ ತುಂಡು ಕೆಂಪು ವೈರ್ ಸಾಕೆಟ್‌ನ ಎಲ್‌ಗೆ. ನ್ಯೂಟ್ರಲ್ ಸ್ವಿಚ್ ಹತ್ತಿರವೂ ಹೋಗದೆ ನೇರ ಎನ್‌ಗೆ. ಹಸಿರು ನೇರ ಇ‌ಗೆ. ಇಷ್ಟೇ ಜೋಡಣೆ. ಪ್ಲಾಸ್ಟಿಕ್ ಸುಮಾರು 8ರಿಂದ 10 ಮಿಲಿಮೀಟರ್ ಮಾತ್ರ ಸುಲಿಯಿರಿ, ಎಳೆಗಳನ್ನು ಒಟ್ಟಿಗೆ ತಿರುಚಿ. ಸ್ಕ್ರೂ ಬಿಗಿದ ಮೇಲೆ ವೈರನ್ನು ಎಳೆದು ನೋಡಿ. ಸಡಿಲ ಇದ್ದರೆ ಅಲ್ಲೇ ಕಾವು ಏರಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಮಿಕ್ಸಿಗೆ 6 ಆಂಪಿಯರ್ ಸಾಕೆಟ್ ಸಾಕು. ಆ ಲೈನಿನಲ್ಲಿ ಗೀಸರ್ ಹಾಕುವ ಯೋಚನೆ ಮಾಡಬೇಡಿ. ಅದಕ್ಕೆ 16 ಆಂಪಿಯರ್ ಸಾಕೆಟ್ ಮತ್ತು ದಪ್ಪ ವೈರಿನ ಬೇರೆ ಲೈನೇ ಬೇಕು.

ಹಳೆ ಮನೆಯಲ್ಲಿ ಬಣ್ಣವನ್ನು ನಂಬುವ ಹಾಗಿಲ್ಲ. ಕೈಗೆ ಸಿಕ್ಕಿದ ಬಣ್ಣದ ವೈರ್ ಎಳೆದಿರುತ್ತಾರೆ. ಫೇಸ್ ಯಾವುದೆಂದು ಟೆಸ್ಟರ್ ಹೇಳುತ್ತದೆ. ಆದರೆ ನ್ಯೂಟ್ರಲ್ ಯಾವುದು, ಅರ್ಥ್ ಯಾವುದು ಎಂದು ಹೇಳುವುದಿಲ್ಲ, ಎರಡರಲ್ಲೂ ಅದು ಉರಿಯುವುದಿಲ್ಲ. ಅವೆರಡನ್ನು ಅದಲು ಬದಲು ಮಾಡಿದರೂ ಮಿಕ್ಸಿ ಓಡಬಹುದು, ಕರೆಂಟ್ ಅರ್ಥ್ ವೈರಿನಲ್ಲಿ ವಾಪಸ್ ಹೋಗುತ್ತಿರುತ್ತದೆ. ಸಂಶಯ ಇದ್ದರೆ ಊಹಿಸಬೇಡಿ. ಮೇನ್ ಬೋರ್ಡಿನ ತನಕ ವೈರ್ ಹುಡುಕಿ ಗುರುತಿಸಬೇಕು, ಅದಕ್ಕೆ ವೈರಿಂಗ್‌ನವರನ್ನೇ ಕರೆಯಿರಿ.

ಬಾಕ್ಸ್‌ನಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ? ಕೆಲವರು ಎನ್‌ನಿಂದ ಇ‌ಗೆ ಒಂದು ತುಂಡು ವೈರ್ ಹಾಕಿ "ಅರ್ಥ್ ಆಯ್ತು" ಅನ್ನುತ್ತಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಹಿಂದೆ ಎಲ್ಲೋ ನ್ಯೂಟ್ರಲ್ ಸಡಿಲವಾದರೆ ಫೇಸ್ ಮಿಕ್ಸಿಯ ಮೋಟರ್ ಮೂಲಕ ಎನ್‌ಗೆ ಬರುತ್ತದೆ, ಅಲ್ಲಿಂದ ಆ ತುಂಡಿನ ಮೂಲಕ ನೇರ ಬಾಡಿಗೆ. ಏನೂ ಕೆಟ್ಟಿರದ ಗ್ರೈಂಡರ್ ಕೂಡ ಮುಟ್ಟಿದವರನ್ನು ಹಿಡಿಯುತ್ತದೆ. ಅರ್ಥ್ ಇಲ್ಲ ಅಂದರೆ ಬೋರ್ಡಿನಿಂದ ಬೇರೆ ವೈರನ್ನೇ ಎಳೆಯಬೇಕು.

ಎಲ್ಲಾ ಮುಚ್ಚಿದ ಮೇಲೆ ಮೇನ್ ಹಾಕಿ ನೋಡಿ. ಸ್ವಿಚ್ ಆಫ್ ಇದ್ದಾಗ ಮೂರು ತೂತಿನಲ್ಲೂ ಟೆಸ್ಟರ್ ಉರಿಯಬಾರದು. ಆನ್ ಮಾಡಿದಾಗ ಬಲಗಡೆ ಮಾತ್ರ ಉರಿಯಬೇಕು. ಆಫ್‌ನಲ್ಲಿ ಏನೂ ಇಲ್ಲ, ಆನ್‌ನಲ್ಲಿ ಎಡಗಡೆ ಉರಿದರೆ ಸ್ವಿಚ್ ಸರಿ ಇದೆ, ಎಲ್ ಎನ್ ಮಾತ್ರ ತಿರುಗಿದೆ. ಅರ್ಥ್ ತೂತಿನಲ್ಲಿ ಉರಿದರೆ ತಕ್ಷಣ ಮೇನ್ ತೆಗೆಯಿರಿ. ಆ ಹಸಿರು ವೈರಿಗೆ ಸೇರಿದ ಮನೆಯ ಎಲ್ಲಾ ಲೋಹದ ಬಾಡಿಗಳಲ್ಲೂ ಕರೆಂಟ್ ಇರಬಹುದು.

ಇಷ್ಟಾದರೂ ಅರ್ಥ್ ಗಟ್ಟಿ ಇದೆಯಾ ಅನ್ನುವುದು ಗೊತ್ತಾಗುವುದಿಲ್ಲ. ಮಲ್ಟಿಮೀಟರ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ ನಡುವೆ 230 ಬಂದರೂ ನಂಬಬೇಡಿ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಕೆಟ್ಟ ಅರ್ಥ್ ಕೂಡ ಅದಕ್ಕೆ ಸಾಕಾಗುತ್ತದೆ. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ನೋಡುವ ಕೆಲಸ ನೀವು ಮಾಡಬೇಡಿ, ಅರ್ಥ್ ಎಲ್ಲೋ ಕಡಿದಿದ್ದರೆ ಆ ಹೊತ್ತಿಗೆ ಮನೆಯ ಫ್ರಿಜ್, ಗ್ರೈಂಡರ್ ಎಲ್ಲದರ ಬಾಡಿಗೂ ಕರೆಂಟ್ ಬರುತ್ತದೆ. ಅಳತೆಯ ಉಪಕರಣ ಇರುವವರಿಂದ ಅರ್ಥ್ ಗುಂಡಿಯನ್ನು ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ಥ್ ದುರ್ಬಲವಾಗುತ್ತದೆ, ಹಾಗಾಗಿ ಆ ಪರೀಕ್ಷೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ಮಾಡಿಸಿದರೆ ನಿಜ ಸ್ಥಿತಿ ಗೊತ್ತಾಗುತ್ತದೆ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಅವರು ಬಂದಾಗಲೇ ಒಂದು ಹಾಕಿಸಿಬಿಡಿ.