ಓಡುವ ಡೂಪ್ ಜಾಗದಲ್ಲಿ ನಟನನ್ನು ಕೂರಿಸಿದಾಗ ಬ್ಲರ್ ಹೊಂದಿಸುವುದು ಹೇಗೆ?

ಪ್ರಶ್ನೆ: ಕಬ್ಬನ್ ಪಾರ್ಕಿನಲ್ಲಿ ಡೂಪ್ ಓಡುವ ಶಾಟ್‌ನಲ್ಲಿ ಅವನ ಬದಲು ಕಂಪ್ಯೂಟರ್‌ನಲ್ಲಿ ನಟನನ್ನು ಕೂರಿಸಿದ್ದೇನೆ. ಹಿನ್ನೆಲೆಯಷ್ಟೇ ಬ್ಲರ್ ಕೊಟ್ಟರೂ ಅಂಟಿಸಿದಂತೆ ಕಾಣುತ್ತಿದೆ. ಎಷ್ಟು ಕೊಡಬೇಕು?

ಉತ್ತರ: ತಪ್ಪು ಇರುವುದೇ ‘ಹಿನ್ನೆಲೆಯಷ್ಟೇ’ ಎಂಬಲ್ಲಿ. ಬ್ಲರ್‌ನ ಉದ್ದವನ್ನು ನಿರ್ಧರಿಸುವುದು ಶಟರ್ ತೆರೆದಿದ್ದ ಅವಧಿಯಲ್ಲಿ ಆ ವ್ಯಕ್ತಿ ಪರದೆಯ ಮೇಲೆ ಸರಿದ ದೂರ. ಮರಗಳು ಸರಿದ ದೂರವಲ್ಲ. ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಶಟರ್ ಇದ್ದರೆ ಪ್ರತಿ ಫ್ರೇಮಿನ ಅರ್ಧ ಅವಧಿ, ಅಂದರೆ 1/48 ಸೆಕೆಂಡ್ ಮಾತ್ರ, ಬೆಳಕು ದಾಖಲಾಗುತ್ತದೆ. ಕ್ಯಾಮೆರಾ ಸ್ಥಿರವಾಗಿದ್ದು ಡೂಪ್‌ನ ಎದೆ ಫ್ರೇಮಿಗೆ 48 ಪಿಕ್ಸೆಲ್ ಸರಿದಿದ್ದರೆ ಅಲ್ಲಿ ಸುಮಾರು 24 ಪಿಕ್ಸೆಲ್ ಬ್ಲರ್ ಸಾಕು. ಕ್ಯಾಮೆರಾ ಅವನ ಜೊತೆಗೇ ತಿರುಗಿದ್ದರೆ ಎದೆ ಸರಿಯುವುದು ಬಹುಶಃ 4 ಪಿಕ್ಸೆಲ್. ಆಗ ಮರಗಳು ಎಷ್ಟೇ ಮಸುಕಾಗಿರಲಿ, ಅವನಿಗೆ 2 ಪಿಕ್ಸೆಲ್ ಮಾತ್ರ.

ಲೆಕ್ಕಕ್ಕಿಂತ ನಾನು ಹೆಚ್ಚು ನಂಬುವುದು ಮೂಲ ಶಾಟ್ ಅನ್ನೇ: ಡೂಪ್‌ನ ಅಂಗಿಯ ಗುಂಡಿ ಗೆರೆಯಂತೆ ಎಳೆದುಕೊಂಡಿರುತ್ತದೆ, ಆ ಗೆರೆಯ ಉದ್ದ ಮತ್ತು ದಿಕ್ಕನ್ನು ಅಳೆಯಿರಿ. ಬೀಸುವ ಕೈ ಎದೆಗಿಂತ ವೇಗವಾಗಿ ಚಲಿಸುವುದರಿಂದ ಇಡೀ ದೇಹಕ್ಕೆ ಒಂದೇ ಬ್ಲರ್ ಹಾಕದೆ, ಪ್ರತಿ ಭಾಗ ಯಾವ ದಿಕ್ಕಿಗೆ, ಎಷ್ಟು ಸರಿಯಿತು ಎಂದು ಹೇಳುವ ಮೋಷನ್ ವೆಕ್ಟರ್ ಬಳಸಿ ಭಾಗಭಾಗವಾಗಿ ಕೊಡಬೇಕು. ನಟನ ಆಕಾರವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಮ್ಯಾಟ್‌ಗೂ ಅದೇ ಬ್ಲರ್ ಹೋಗಬೇಕು. ಇಲ್ಲದಿದ್ದರೆ ಒಳಗೆ ಮಸುಕು, ಅಂಚು ಮಾತ್ರ ಕತ್ತರಿಸಿದಂತೆ ಚೂಪು, ನೀವು ಹೇಳುವ ‘ಅಂಟಿಸಿದಂತೆ’ ಎಂಬುದಕ್ಕೆ ಇದೂ ಕಾರಣವಿರಬಹುದು. ಗ್ರೇನ್ ಕೊನೆಯಲ್ಲಿ ಸೇರಿಸಿ, ಮೊದಲೇ ಸೇರಿಸಿದರೆ ಅದೂ ಎಳೆದುಕೊಳ್ಳುತ್ತದೆ.

ನಟನನ್ನು ಹಸಿರು ಪರದೆಯ ಮುಂದೆ ಓಡಿಸಿ 1/48ರಲ್ಲೇ ಚಿತ್ರೀಕರಿಸಿದ್ದರೆ ಆಗಲೇ ಕೂತಿರುವ ಬ್ಲರ್ ಅನ್ನು ತೆಗೆಯುವುದು ಕಷ್ಟ. ಮರುಚಿತ್ರೀಕರಣ ಸಾಧ್ಯವಿದ್ದರೆ ಬ್ಲರ್ ಕಡಿಮೆ ಕೂರುವಂತೆ ಶಟರ್ ಅನ್ನು 1/200 ಸೆಕೆಂಡಿನ ಆಸುಪಾಸಿಗೆ ಇಡಿ, ಬೇಕಾದಷ್ಟು ಬ್ಲರ್ ಅನ್ನು ಆಮೇಲೆ ಸೇರಿಸಬಹುದು.